ವೃತ್ತದ ಅಸಮತೆ ಮತ್ತು ರೇಖೆಯ ಅಸಮತೆ ಕೂಡಿದಾಗ ಉಳಿಯುವ ಭಾಗ ಯಾವುದು?

ಪ್ರಶ್ನೆ: x² + y² − 4x − 2y − 20 ≤ 0 ಮತ್ತು x + y ≥ 8 ಎರಡಕ್ಕೂ ಒಪ್ಪುವ ಭಾಗವನ್ನು ಹೇಗೆ ಗುರುತಿಸುವುದು? ಒಳಗೋ ಹೊರಗೋ ಎಂದು ಚಿಹ್ನೆ ನೋಡಿ ಹೇಳಲು ಹೋದರೆ ಗೊಂದಲವಾಗುತ್ತದೆ. ಎರಡನ್ನೂ ಗುಣಿಸಿ ಒಂದೇ ಅಸಮತೆಯಾಗಿ ಬರೆಯಬಹುದೇ?

ಉತ್ತರ:

ಮೊದಲು ವೃತ್ತದ ಅಸಮತೆಯನ್ನು ಪೂರ್ಣವರ್ಗಗಳ ರೂಪಕ್ಕೆ ತನ್ನಿ. x² − 4x ಗೆ 4ನ್ನೂ y² − 2y ಗೆ 1ನ್ನೂ ಕೂಡಿಸಿ, ಅಷ್ಟನ್ನೇ ಬಲಬದಿಗೂ ಕೂಡಿಸಿದರೆ (x − 2)² + (y − 1)² ≤ 25 ಎಂದಾಗುತ್ತದೆ. ಇದರ ಎಡಬದಿಯಲ್ಲಿರುವುದು (2, 1) ಬಿಂದುವಿನಿಂದ (x, y) ಬಿಂದುವಿಗಿರುವ ದೂರದ ವರ್ಗ. ಆ ದೂರ 5ನ್ನು ಮೀರಬಾರದು ಎಂಬುದಷ್ಟೇ ಅಸಮತೆಯ ಅರ್ಥವಾದ್ದರಿಂದ, ಅದು ವೃತ್ತದ ಒಳಭಾಗವನ್ನೂ ಪರಿಧಿಯನ್ನೂ ಸೂಚಿಸುತ್ತದೆ. ನಿಮ್ಮ ಗೊಂದಲಕ್ಕೆ ಕಾರಣ, ಚಿಹ್ನೆಯನ್ನು ಮಾತ್ರ ನೋಡಿ ಭಾಗವನ್ನು ಊಹಿಸುವುದು ಎಂದು ನನಗನ್ನಿಸುತ್ತದೆ. ಇದೇ ಅಸಮತೆಯನ್ನು ಯಾರಾದರೂ 20 + 4x + 2y − x² − y² ≥ 0 ಎಂದು ಬರೆದುಕೊಟ್ಟರೆ ಚಿಹ್ನೆ ತಿರುಗಿರುತ್ತದೆ, ಆದರೆ ಭಾಗ ಬದಲಾಗುವುದಿಲ್ಲ. x² ಮತ್ತು y² ಗಳ ಸಹಗುಣಕ ಧನವಾಗಿದ್ದಾಗ ಮಾತ್ರ ‘ಕಡಿಮೆ ಎಂದರೆ ಒಳಗೆ, ಹೆಚ್ಚು ಎಂದರೆ ಹೊರಗೆ’ ಎಂಬ ಮಾತನ್ನು ನಂಬಬಹುದು.

ಇನ್ನು ರೇಖೆ. x + y = 8 ರ ಮೇಲೆ ಇಲ್ಲದ ಯಾವುದಾದರೂ ಬಿಂದುವನ್ನು ತೆಗೆದುಕೊಂಡು ಪರೀಕ್ಷಿಸಿ. ಮೂಲಬಿಂದುವಿನಲ್ಲಿ 0 ≥ 8 ಸುಳ್ಳಾಗುತ್ತದೆ; ಹಾಗಾಗಿ ನಮಗೆ ಬೇಕಾದದ್ದು ಮೂಲಬಿಂದು ಇಲ್ಲದ ಬದಿ. ಅದೇ ಮೂಲಬಿಂದು ವೃತ್ತದ ಅಸಮತೆಗೆ ಒಪ್ಪುತ್ತದೆ ಎಂಬುದನ್ನೂ ಗಮನಿಸಿ: ಒಂದೊಂದು ಅಸಮತೆಯ ಪರೀಕ್ಷೆ ಬೇರೆ ಬೇರೆಯಾಗಿಯೇ ನಡೆಯಬೇಕು, ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಬಾರದು.

ರೇಖೆ ವೃತ್ತವನ್ನು ಎಲ್ಲಿ ಛೇದಿಸುತ್ತದೆ ಎಂದು ತಿಳಿಯಲು y = 8 − x ಎಂದು ಆದೇಶಿಸಿದರೆ x² − 9x + 14 = 0 ದೊರೆಯುತ್ತದೆ; ಅಂದರೆ ಛೇದನ ಬಿಂದುಗಳು (2, 6) ಮತ್ತು (7, 1). ಇವುಗಳನ್ನು ಸೇರಿಸುವ ಜ್ಯಾಕ್ಕೂ ಅದರಾಚೆಯ ಕಂಸಕ್ಕೂ ನಡುವಿನ ಚಿಕ್ಕ ವೃತ್ತಖಂಡವೇ ನಿಮ್ಮ ಉತ್ತರ. (5, 4) ರಲ್ಲಿ 9 + 9 = 18, 25ಕ್ಕಿಂತ ಕಡಿಮೆ; 5 + 4 = 9, 8ಕ್ಕಿಂತ ಹೆಚ್ಚು. ಕೇಂದ್ರದಿಂದ ಆ ಎರಡು ಬಿಂದುಗಳಿಗೆ ಎಳೆದ ತ್ರಿಜ್ಯಗಳಲ್ಲಿ ಒಂದು ನೆಟ್ಟಗೆ ಮೇಲಕ್ಕೂ ಇನ್ನೊಂದು ಬಲಕ್ಕೂ ಹೋಗುವುದರಿಂದ ನಡುವಿನ ಕೋನ 90°. ಆದ್ದರಿಂದ ಖಂಡದ ವಿಸ್ತೀರ್ಣ 25π/4 − 25/2, ಸುಮಾರು 7.13.

ಚಿತ್ರವನ್ನಷ್ಟೇ ನಂಬಿದರೆ ಮೋಸ ಹೋಗುವ ಸಾಧ್ಯತೆಯಿದೆ. x + y ≥ 10 ಎಂದಿದ್ದರೆ, ಕೈಯಲ್ಲಿ ಬರೆದ ಚಿತ್ರದಲ್ಲಿ ರೇಖೆ ವೃತ್ತವನ್ನು ಬರೀ ಸ್ಪರ್ಶಿಸಿದಂತೆ ಕಾಣಬಹುದು. ಆದರೆ ಕೇಂದ್ರದಿಂದ ರೇಖೆಗಿರುವ ಲಂಬದೂರ |2 + 1 − 10|/√2, ಸುಮಾರು 4.95, ತ್ರಿಜ್ಯಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ್ದರಿಂದ ತೆಳುವಾದ ಖಂಡವೊಂದು ಉಳಿದೇ ಇರುತ್ತದೆ. x + y ≥ 11 ಎಂದಾದರೆ ದೂರ ಸುಮಾರು 5.66 ಆಗಿ, ಎರಡಕ್ಕೂ ಒಪ್ಪುವ ಬಿಂದುವೇ ಇರುವುದಿಲ್ಲ.

ಗಡಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವೃತ್ತದ ಅಸಮತೆ < ಆಗಿದ್ದು ರೇಖೆಯದು ≥ ಆಗಿಯೇ ಇದ್ದರೆ, ಕಂಸವನ್ನು ತುಂಡುಗೆರೆಯಲ್ಲೂ ಜ್ಯಾವನ್ನು ಅಖಂಡ ಗೆರೆಯಲ್ಲೂ ಬರೆಯುತ್ತೇವೆ. ಆದರೆ (2, 6) ಮತ್ತು (7, 1) ಪರಿಧಿಯ ಮೇಲೂ ಇರುವುದರಿಂದ ಜ್ಯಾದ ಆ ಎರಡು ತುದಿಗಳು ಉತ್ತರಕ್ಕೆ ಸೇರುವುದಿಲ್ಲ.

ಗುಣಿಸುವ ಬಗ್ಗೆ ಹೇಳುವುದಾದರೆ, ಅದು ಬೇರೆಯದೇ ಪ್ರಶ್ನೆಯಾಗುತ್ತದೆ. ರೇಖೆ ಮತ್ತು ವೃತ್ತ ಸೇರಿ ಸಮತಲವನ್ನು ನಾಲ್ಕು ಭಾಗ ಮಾಡುತ್ತವೆ. (x² + y² − 4x − 2y − 20)(x + y − 8) ಎಂಬ ಗುಣಲಬ್ಧ ಚಿಕ್ಕ ಖಂಡದಲ್ಲಿ ಋಣ, ಏಕೆಂದರೆ ಅಲ್ಲಿ ಮೊದಲ ಅಪವರ್ತನ ಋಣ, ಎರಡನೆಯದು ಧನ. ದೊಡ್ಡ ಖಂಡದಲ್ಲಿ ಎರಡೂ ಋಣವಾಗಿ ಗುಣಲಬ್ಧ ಧನವಾಗುತ್ತದೆ. ವೃತ್ತದ ಹೊರಗೆ ರೇಖೆಯ ಮೇಲ್ಬದಿಯಲ್ಲಿ ಎರಡೂ ಧನ, ಕೆಳಬದಿಯಲ್ಲಿ ಮತ್ತೆ ಗುಣಲಬ್ಧ ಋಣ. ಹೀಗಾಗಿ ಗುಣಲಬ್ಧ ≤ 0 ಎಂದು ಬರೆದರೆ ನಿಮಗೆ ಬೇಕಾದ ಖಂಡದ ಜೊತೆಗೆ ವೃತ್ತದ ಹೊರಗಿನ, ರೇಖೆಯ ಕೆಳಗಿನ ಅನಂತ ಪ್ರದೇಶವೂ ಎರಡು ಗಡಿಗಳ ಉಳಿದ ಬಿಂದುಗಳೂ ಒಳಬರುತ್ತವೆ. ಉದಾಹರಣೆಗೆ (0, −10) ರಲ್ಲಿ ಅಪವರ್ತನಗಳು 100 ಮತ್ತು −18. ಗುಣಲಬ್ಧ ಋಣವೇ, ಆದರೆ ಆ ಬಿಂದು ನಿಮ್ಮ ಎರಡು ಅಸಮತೆಗಳಲ್ಲಿ ಒಂದಕ್ಕೂ ಒಪ್ಪುವುದಿಲ್ಲ. ಆದ್ದರಿಂದ ‘ಮತ್ತು’ ಎಂದು ಕೇಳಿದಾಗ ಎರಡು ಅಸಮತೆಗಳನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಳ್ಳಿ.