ಒಂಬತ್ತು ವರ್ಷದ ಗಿರಾಕಿಯನ್ನು ಬಿಡುವ ಪತ್ರ

ಪ್ರಶ್ನೆ: ದಾವಣಗೆರೆಯಲ್ಲಿ ಜಿಎಸ್‌ಟಿ ಲೆಕ್ಕದ ಕೆಲಸ ಮಾಡುತ್ತೇನೆ. ಮಂಡಿಪೇಟೆಯ ವ್ಯಾಪಾರಿಯೊಬ್ಬರು ಒಂಬತ್ತು ವರ್ಷದಿಂದ ನನ್ನ ಗಿರಾಕಿ. 19ರ ರಾತ್ರಿ ಚೀಲದಲ್ಲಿ ಬಿಲ್ ತಂದು ಸುರಿಯುತ್ತಾರೆ, ಲೇಟ್ ಫೀ ಬಿದ್ದರೆ ನನ್ನನ್ನೇ ಬೈಯುತ್ತಾರೆ. ಆದರೆ ನನಗೆ ಮೊದಲು ಕೆಲಸ ಕೊಟ್ಟವರೂ ಅವರೇ. ಮನಸ್ಸು ನೋಯಿಸದೆ ಬಿಡುವುದು ಹೇಗೆ?

ಉತ್ತರ: ಸ್ವಲ್ಪ ನೋಯುತ್ತದೆ. ಅದಕ್ಕೆ ಹೆದರಿ ಪತ್ರವನ್ನು ಮೆತ್ತಗೆ ಬರೆದರೆ, ನೀವು ಫೀಸ್ ಜಾಸ್ತಿ ಕೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ. 'ಐನೂರು ಜಾಸ್ತಿ ತಗೊಳ್ಳಪ್ಪ' ಅಂತಾರೆ. ಮುಂದಿನ ತಿಂಗಳು ಮತ್ತೆ ಅದೇ ಚೀಲ ಬರುತ್ತದೆ.

ದಿನ ನೋಡಿ ಕೊಡಿ. 20ಕ್ಕೆ ಜಿಎಸ್‌ಟಿಆರ್-3ಬಿ ಮುಗಿಯುತ್ತದೆ, ಮುಂದಿನ ಜಿಎಸ್‌ಟಿಆರ್-1ಕ್ಕೆ 11ರವರೆಗೆ ಸಮಯ ಇರುತ್ತದೆ. ಅಕ್ಟೋಬರ್ 22ಕ್ಕೆ ಕೊಡುತ್ತೀರಿ ಅಂತಿಟ್ಟುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

'ಅಣ್ಣನವರಿಗೆ ನಮಸ್ಕಾರ. ನಾನು ಆಫೀಸು ತೆರೆದಾಗ ನೀವು ಕೊಟ್ಟ ಕೆಲಸದಿಂದಲೇ ಬಾಡಿಗೆ ಹುಟ್ಟುತ್ತಿತ್ತು. ಅದನ್ನು ಮರೆತಿಲ್ಲ. ಆದರೆ ಬಿಲ್ ಕೊನೇ ದಿನ ಬಂದರೆ ಸರಿಯಾಗಿ ನೋಡಿ ಹಾಕಲು ನನ್ನಿಂದ ಆಗುತ್ತಿಲ್ಲ. ಹಾಗಾಗಿ ನಿಮ್ಮ ಲೆಕ್ಕದ ಕೆಲಸ ಬಿಡುತ್ತಿದ್ದೇನೆ. ಅಕ್ಟೋಬರ್ ತಿಂಗಳ ರಿಟರ್ನ್ ನಾನೇ ಹಾಕುತ್ತೇನೆ, ಅದೇ ನನ್ನ ಕೊನೆಯ ಕೆಲಸ. ಅದರ ಬಿಲ್‌ಗಳು ನವೆಂಬರ್ 5ಕ್ಕೆ ಬೇಕು. ವಾರ್ಷಿಕ ರಿಟರ್ನ್ ಡಿಸೆಂಬರ್ 31ರೊಳಗೆ ಆಗಬೇಕು, ಅದನ್ನು ಹೊಸಬರಿಂದ ಮಾಡಿಸಿಕೊಳ್ಳಿ. ಫೈಲ್, ಟ್ಯಾಲಿ ಬ್ಯಾಕಪ್, ಪಾಸ್‌ವರ್ಡ್ ಎಲ್ಲ ನವೆಂಬರ್ 25ಕ್ಕೆ ಅಂಗಡಿಗೇ ತಂದು ಕೊಡುತ್ತೇನೆ.'

ಕಾರಣ ಒಂದೇ ಸಾಲು ಇದೆ, ಗಮನಿಸಿ. ಯಾವ ತಿಂಗಳು ಎಷ್ಟು ಲೇಟ್ ಫೀ ಬಿತ್ತು, ಯಾವತ್ತು ಏನು ಬೈದರು ಅಂತ ಪಟ್ಟಿ ಹಾಕಿದರೆ ಅವರು ಒಂದೊಂದಕ್ಕೂ ಜವಾಬು ಹೇಳುತ್ತಾರೆ. ನೀವು ವಾದಕ್ಕೆ ಕೂರಬೇಕಾಗುತ್ತದೆ. 'ಸದ್ಯಕ್ಕೆ', 'ನೋಡೋಣ' ಎಂಬ ಮಾತೂ ಬೇಡ. ವಾರ್ಷಿಕ ರಿಟರ್ನ್ ವಿಷಯ ಮಾತ್ರ ಖಂಡಿತ ಬರೆಯಿರಿ. ಅದನ್ನು ಬಿಟ್ಟರೆ ಡಿಸೆಂಬರ್ ಕೊನೇ ವಾರ 'ಇದು ನಿನ್ನ ಕಾಲದ್ದೇ ಅಲ್ವಾ' ಎಂದು ಫೋನ್ ಬರುತ್ತದೆ.

ಇನ್ನೊಂದು ಮಾತು. ಪೋರ್ಟಲ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ? ನಮ್ಮಲ್ಲಿ ಬಹಳ ಜನ ಗಿರಾಕಿಯ ಖಾತೆಗೆ ತಮ್ಮ ನಂಬರ್ ಹಾಕಿಬಿಡುತ್ತಾರೆ. ನಾನೂ ಹಾಗೆ ಮಾಡಿದ್ದೆ. ಕೆಲಸ ಬಿಟ್ಟ ಮೇಲೂ ಎರಡು ತಿಂಗಳು ಒಟಿಪಿ ಕೇಳಿ ರಾತ್ರಿ ಫೋನ್ ಬರುತ್ತಿತ್ತು. 25ಕ್ಕೆ ಅಂಗಡಿಗೆ ಹೋದಾಗ ಅಲ್ಲೇ ಕೂತು ಮೊಬೈಲ್, ಇಮೇಲ್ ಎರಡನ್ನೂ ಅವರದಕ್ಕೆ ಬದಲಾಯಿಸಿ. ಇ-ವೇ ಬಿಲ್ ಲಾಗಿನ್ ಬೇರೆ ಇರುತ್ತದೆ, ಅದನ್ನೂ ಕೊಡಿ.

ಫೀಸ್ ಬಾಕಿ ಇದ್ದರೆ ಬೇರೆ ಚೀಟಿಯಲ್ಲಿ ಬರೆದು ಕೊಡಿ. ಅದಕ್ಕಾಗಿ ಕಾಗದ ಹಿಡಿದಿಟ್ಟುಕೊಳ್ಳಬೇಡಿ. ನಾಳೆ ನೋಟಿಸ್ ಬಂದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಪತ್ರವನ್ನು ಸುಮ್ನೆ ವಾಟ್ಸಾಪ್‌ನಲ್ಲಿ ಹಾಕಬೇಡಿ. ಮಧ್ಯಾಹ್ನ ಅಂಗಡಿಯಲ್ಲಿ ಗಲಾಟೆ ಕಡಿಮೆ ಇರುವಾಗ ಹೋಗಿ, ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಅವರ ಸಹಿ, ತಾರೀಕು ಹಾಕಿಸಿಕೊಳ್ಳಿ. ಟೀ ತರಿಸಿದರೆ ಕುಡಿದೇ ಬನ್ನಿ.