ಮಾರ್ಚ್‌ವರೆಗೆ ಚಂದಾ ಇರುವಾಗ ಡಿಸೆಂಬರ್‌ನಲ್ಲೇ ಸಾಫ್ಟ್‌ವೇರ್ ನವೀಕರಿಸಬೇಕೆ?

ಪ್ರಶ್ನೆ: ನಮ್ಮ ಆಫೀಸಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಇಮೇಲ್ ಕಳಿಸಿದ್ದಾರೆ. ಈ ವರ್ಷ ನಮಗೆ ಎಷ್ಟು ಗಂಟೆ ಉಳಿಯಿತು ಎಂಬ ಲೆಕ್ಕ ಕೊಟ್ಟು, ಡಿಸೆಂಬರ್ 31ರೊಳಗೆ ನವೀಕರಿಸಿದರೆ ಶೇ. 20 ರಿಯಾಯಿತಿ ಎಂದಿದ್ದಾರೆ. ನಮ್ಮ ಚಂದಾ ಮುಗಿಯುವುದು ಮಾರ್ಚ್ 31ಕ್ಕೆ. ಈಗಲೇ ಕಟ್ಟಿಬಿಡಲೇ?

ಉತ್ತರ: ಕಟ್ಟಬಹುದು, ಆದರೆ ಹೊಸ ಅವಧಿ ಏಪ್ರಿಲ್ 1ರಿಂದ ಆರಂಭವಾಗುತ್ತದೆ ಎಂಬುದನ್ನು ಅವರಿಂದ ಬರಹದಲ್ಲಿ ಪಡೆದ ನಂತರವೇ ಕಟ್ಟಿ. ಹುಬ್ಬಳ್ಳಿಯ ಬಿಡಿಭಾಗಗಳ ಸಗಟು ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ನಾನು ಇದೇ ವಿಷಯದಲ್ಲಿ ಒಮ್ಮೆ ಅವಸರ ಮಾಡಿ ನಷ್ಟ ಮಾಡಿಕೊಂಡಿದ್ದೇನೆ. ಅದರ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ನಮ್ಮಲ್ಲಿ 12 ಲೈಸೆನ್ಸ್‌ಗಳಿದ್ದವು, ಒಂದಕ್ಕೆ ವರ್ಷಕ್ಕೆ 6,000 ರೂಪಾಯಿಯಂತೆ ಒಟ್ಟು 72,000. ಜಿಎಸ್‌ಟಿಯನ್ನು ಇನ್‌ಪುಟ್ ತೆರಿಗೆ ಕ್ರೆಡಿಟ್ ಆಗಿ ಮರಳಿ ಪಡೆಯುತ್ತೇವಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. (ನೀವು ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಆ ತೆರಿಗೆ ಮರಳಿ ಸಿಗುವುದಿಲ್ಲ, ಆಗ ಶೇ. 18ನ್ನೂ ಖರ್ಚೆಂದೇ ಸೇರಿಸಿಕೊಳ್ಳಿ.) ನಮಗೂ ಶೇ. 20 ರಿಯಾಯಿತಿಯ ಇಮೇಲ್ ಬಂದಿತ್ತು, ನಮ್ಮ ಚಂದಾ ಕೂಡ ಮಾರ್ಚ್ 31ರವರೆಗಿತ್ತು. 14,400 ರೂಪಾಯಿ ಉಳಿಯಿತೆಂದು ಡಿಸೆಂಬರ್ 27ರಂದು 57,600 ಕಟ್ಟಿದೆವು. ಮಾರ್ಚ್ ಕೊನೆಗೆ ಖಾತೆ ಮುಗಿಸುವಾಗ, ಮುಂದಿನ ವರ್ಷಕ್ಕೆ ಸೇರಿದ ವೆಚ್ಚವನ್ನು ಬೇರ್ಪಡಿಸಲೆಂದು ಆ ಇನ್‌ವಾಯ್ಸ್ ತೆರೆದೆ. ಅದರಲ್ಲಿ ಅವಧಿ ಡಿಸೆಂಬರ್ 27ರಿಂದ ಮುಂದಿನ ಡಿಸೆಂಬರ್ 26ರವರೆಗೆ ಎಂದಿತ್ತು. ಅಂದರೆ ಹಿಂದಿನ ವರ್ಷವೇ ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದ ಮೂರು ತಿಂಗಳು ಹಾಗೆಯೇ ಅಳಿದುಹೋಗಿದ್ದವು. ತಿಂಗಳಿಗೆ 6,000 ರೂಪಾಯಿಯಂತೆ ಅವುಗಳ ಬೆಲೆ 18,000. ರಿಯಾಯಿತಿಯಲ್ಲಿ ಉಳಿದದ್ದು 14,400 ಆದ್ದರಿಂದ, 3,600 ರೂಪಾಯಿ ನಷ್ಟವೇ ಆಗಿತ್ತು. ಕಂಪನಿಯವರನ್ನು ಕೇಳಿದರೆ, ಪಾವತಿಯಾದ ದಿನದಿಂದ ಅವಧಿ ಆರಂಭ ಎಂದು ಷರತ್ತುಗಳಲ್ಲಿ ಇದೆ ಎಂದರು. ಇದ್ದದ್ದು ನಿಜ, ನಾನು ಓದಿರಲಿಲ್ಲ.

ಹಾಗೆಂದು ಮುಂಗಡ ನವೀಕರಣವೇ ತಪ್ಪೆಂದು ನಾನು ಹೇಳುವುದಿಲ್ಲ. ಹೊಸ ಅವಧಿ ಏಪ್ರಿಲ್ 1ರಿಂದಲೇ ಎಂದಾದರೆ ನೀವು ಮಾಡುತ್ತಿರುವುದು ಮೂರು ತಿಂಗಳು ಮೊದಲೇ ಹಣ ಕೊಡುವುದಷ್ಟೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ವರ್ಷಕ್ಕೆ ಶೇ. 12 ಎಂದು ಇಟ್ಟುಕೊಂಡರೂ 57,600ಕ್ಕೆ ಮೂರು ತಿಂಗಳ ಬಡ್ಡಿ 1,728 ರೂಪಾಯಿ. 14,400 ಉಳಿಸಲು ಅಷ್ಟು ಕೊಡುವುದು ಒಳ್ಳೆಯ ವ್ಯವಹಾರ. ಒಂದೇ ಇಮೇಲ್, ಒಂದೇ ರಿಯಾಯಿತಿ, ಆದರೆ ಆರಂಭದ ದಿನಾಂಕ ಬದಲಾದರೆ ಲಾಭ ಹೋಗಿ ನಷ್ಟವಾಗುತ್ತದೆ. ಇಮೇಲ್‌ನಲ್ಲಿ ಈ ದಿನಾಂಕ ಇಲ್ಲದಿದ್ದರೆ ಪ್ರೊಫಾರ್ಮಾ ಇನ್‌ವಾಯ್ಸ್ ಕೇಳಿ ಪಡೆಯಿರಿ, ಅದರ ವಿವರಣೆಯ ಸಾಲಿನಲ್ಲಿ ಅವಧಿ ಎಲ್ಲಿಂದ ಎಲ್ಲಿಗೆ ಎಂದು ನಮೂದಾಗಿರಬೇಕು. ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿದೆಯೇ ಎಂಬುದನ್ನೂ ಅದರಲ್ಲೇ ನೋಡಿಕೊಳ್ಳಿ.

ಇನ್ನು ಗಂಟೆಗಳ ಲೆಕ್ಕಕ್ಕೆ ಬರೋಣ. ಮರುವರ್ಷ ನಮಗೆ ಬಂದ ಇಮೇಲ್‌ನಲ್ಲಿ "ಈ ವರ್ಷ ನಿಮ್ಮ ತಂಡ 9,840 ಬಿಲ್‌ಗಳನ್ನು ರಚಿಸಿ 410 ಗಂಟೆ ಉಳಿಸಿದೆ" ಎಂದಿತ್ತು. 410 ಗಂಟೆಯೆಂದರೆ 24,600 ನಿಮಿಷ, ಅದನ್ನು 9,840ರಿಂದ ಭಾಗಿಸಿದರೆ ಸರಿಯಾಗಿ ಎರಡೂವರೆ ನಿಮಿಷ ಬರುತ್ತದೆ. ಅಂದರೆ ಪ್ರತಿ ಬಿಲ್ಲಿಗೂ ಎರಡೂವರೆ ನಿಮಿಷ ಉಳಿಯಿತೆಂದು ಅವರೇ ಊಹಿಸಿ ಗುಣಿಸಿದ್ದರು, ನಮ್ಮ ಕೌಂಟರಿನಲ್ಲಿ ನಿಂತು ಯಾರೂ ಅಳೆದಿರಲಿಲ್ಲ. ಬಿಲ್ಲುಗಳ ಸಂಖ್ಯೆಯನ್ನೂ ನಮ್ಮ ಮಾರಾಟದ ರಿಜಿಸ್ಟರ್ ಜೊತೆ ತಾಳೆ ನೋಡಿದಾಗ ಅವುಗಳಲ್ಲಿ 710 ರದ್ದಾಗಿದ್ದ ಬಿಲ್‌ಗಳು ಎಂದು ತಿಳಿಯಿತು. ಆದ್ದರಿಂದ ಗಂಟೆಗಳ ಅಂಕಿಯನ್ನು ನಿರ್ಧಾರಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಡಿ, ಸಾಫ್ಟ್‌ವೇರ್ ಬೇಕೋ ಬೇಡವೋ ಎಂಬುದು ನಿಮಗೆ ಈಗಾಗಲೇ ಗೊತ್ತಿರುತ್ತದೆ.

ನಿಜವಾಗಿ ನೋಡಬೇಕಾದದ್ದು ಆ ಸಾರಾಂಶದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಾಫ್ಟ್‌ವೇರ್‌ನ ಅಡ್ಮಿನ್ ಪುಟದಲ್ಲಿ ಬಳಕೆದಾರರ ಪಟ್ಟಿ ತೆರೆದರೆ ಹೆಚ್ಚಿನವುಗಳಲ್ಲಿ ಪ್ರತಿ ಹೆಸರಿನ ಮುಂದೆ ಕೊನೆಯ ಲಾಗಿನ್ ದಿನಾಂಕ ಕಾಣುತ್ತದೆ. ನಮ್ಮ ಹನ್ನೆರಡು ಹೆಸರುಗಳಲ್ಲಿ ಒಬ್ಬರು ಜೂನ್‌ನಲ್ಲೇ ಕೆಲಸ ಬಿಟ್ಟಿದ್ದರು. ಗೋದಾಮಿನ ಇನ್ನಿಬ್ಬರು ನಾಲ್ಕು ತಿಂಗಳಿಂದ ಲಾಗಿನ್ ಆಗಿರಲಿಲ್ಲ, ಏಕೆಂದರೆ ದಾಸ್ತಾನಿನ ಪಟ್ಟಿಯನ್ನು ನಾವೇ ಬೆಳಿಗ್ಗೆ ಮುದ್ರಿಸಿ ಕೊಡುತ್ತಿದ್ದೆವು. ನಮಗೆ ಬೇಕಿದ್ದದ್ದು ಒಂಬತ್ತೇ. ಒಂಬತ್ತು ಲೈಸೆನ್ಸ್‌ಗೆ ಪೂರ್ತಿ ಬೆಲೆ ಕೊಟ್ಟರೂ 54,000, ಹನ್ನೆರಡಕ್ಕೆ ರಿಯಾಯಿತಿ ಬೆಲೆಯಾದ 57,600ಕ್ಕಿಂತ ಅದು ಕಡಿಮೆ. ಒಂಬತ್ತಕ್ಕೂ ರಿಯಾಯಿತಿ ಸಿಕ್ಕರೆ 43,200.

ಆದ್ದರಿಂದ ಆ ವರ್ಷ ಡಿಸೆಂಬರ್ 15ರ ಸುಮಾರಿಗೆ ನಾನು ಅವರಿಗೆ ಹೀಗೆ ಉತ್ತರ ಬರೆದೆ: "ನವೀಕರಣಕ್ಕೆ ನಾವು ಸಿದ್ಧರಿದ್ದೇವೆ. ಲೈಸೆನ್ಸ್‌ಗಳ ಸಂಖ್ಯೆಯನ್ನು 12ರಿಂದ 9ಕ್ಕೆ ಇಳಿಸಿ, ಅವಧಿಯನ್ನು ಈಗಿನದು ಮುಗಿದ ಮರುದಿನವಾದ ಡಿಸೆಂಬರ್ 27ರಿಂದ ಮುಂದಿನ ಡಿಸೆಂಬರ್ 26ರವರೆಗೆ ಎಂದು ನಮೂದಿಸಿ, ಶೇ. 20 ರಿಯಾಯಿತಿಯೊಂದಿಗೆ ಪ್ರೊಫಾರ್ಮಾ ಕಳಿಸಿಕೊಡಿ. ನಂತರದ ವರ್ಷದ ನವೀಕರಣ ಯಾವ ಬೆಲೆಗೆ ಎಂಬುದನ್ನೂ ತಿಳಿಸಿ." ಮಾರಾಟ ವಿಭಾಗದವರು ಫೋನ್ ಮಾಡಿ, ಸಂಖ್ಯೆ ಇಳಿಸಿದರೆ ರಿಯಾಯಿತಿ ಶೇ. 10 ಮಾತ್ರ ಎಂದರು. ಆಗಲೂ ಮೊತ್ತ 48,600 ಆಗುತ್ತಿತ್ತಾದ್ದರಿಂದ ನಾನು ಪಟ್ಟು ಬಿಡಲಿಲ್ಲ, ನಾಲ್ಕು ದಿನಗಳ ನಂತರ ಶೇ. 20ಕ್ಕೇ ಒಪ್ಪಿದರು. ಎಲ್ಲರೂ ಒಪ್ಪುತ್ತಾರೆಂದು ಹೇಳಲಾರೆ, ಆದರೆ ಡಿಸೆಂಬರ್‌ನಲ್ಲಿ ವರ್ಷದ ಗುರಿ ಮುಟ್ಟಿಸುವ ಕಂಪನಿಗಳಿಗೆ ಆ ತಿಂಗಳ ಆರ್ಡರ್ ಬೇಕಾಗಿರುತ್ತದೆ, ನಿಮಗೋ ಮಾರ್ಚ್‌ವರೆಗೆ ಕಾಲಾವಕಾಶವಿದೆ.

ನಂತರದ ವರ್ಷದ ಬೆಲೆ ಕೇಳಿದ್ದಕ್ಕೆ ಕಾರಣವಿದೆ. ಇಂಥ ರಿಯಾಯಿತಿ ಒಂದು ವರ್ಷಕ್ಕೆ ಮಾತ್ರವಾಗಿದ್ದು, ಮುಂದೆ ಪೂರ್ತಿ ಬೆಲೆಗೆ ತಾನಾಗಿ ನವೀಕರಣವಾಗುವ ಷರತ್ತು ಇರಬಹುದು. ನಮ್ಮ ದೇಶದ ಕಾರ್ಡ್‌ಗಳಲ್ಲಿ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರುತ್ತದೆ, 15,000 ರೂಪಾಯಿ ಮೀರಿದ ಚಂದಾಕ್ಕೆ ಒಟಿಪಿ ಬೇಕು. ಸಣ್ಣ ಮೊತ್ತದ ಚಂದಾ ಮಾತ್ರ ಒಟಿಪಿ ಇಲ್ಲದೆಯೇ ಕಡಿತವಾಗಬಹುದು, ಆದ್ದರಿಂದ ಆ ಸೂಚನೆ ಬರುವ ಮೊಬೈಲ್ ಸಂಖ್ಯೆ ಕೆಲಸ ಬಿಟ್ಟವರದ್ದಾಗಿರದಂತೆ ನೋಡಿಕೊಳ್ಳಿ.

ಗಡುವಿನ ಬಗ್ಗೆ ಒಂದು ಮಾತು. 31ರೊಳಗೆ ಆರ್ಡರ್ ದೃಢಪಡಿಸಿದರೆ ಸಾಕೋ, ಹಣವೇ ಅವರ ಖಾತೆಗೆ ಸೇರಬೇಕೋ ಎಂದು ಕೇಳಿಕೊಳ್ಳಿ. ಹಣವೇ ಸೇರಬೇಕೆಂದಾದರೆ ನಿಮ್ಮ ಯಜಮಾನರ ಸಹಿಗೆ ಬೇಕಾಗುವ ದಿನಗಳನ್ನು ಕಳೆದು, ಪ್ರೊಫಾರ್ಮಾವನ್ನು ಈ ವಾರವೇ ತರಿಸಿಕೊಳ್ಳಿ.