ಐದು ಲೀಟರ್ ನೀರು ಕುಡಿದರೂ ಒಣಗಿದ ಕೈ

ಊಟ-ತಿಂಡಿಯ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ಒಬ್ಬ ಯುವತಿಯ ಕಥೆ ಇದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 27, ದಿನವಿಡೀ ಕೂತು ಮಾಡುವ ಕೆಲಸ. ಬಂದವರೇ ಬ್ಯಾಗಿನಿಂದ ದೊಡ್ಡ ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ದಿನಕ್ಕೆ ಐದು ಲೀಟರ್ ಕುಡೀತೀನಿ ಮೇಡಂ. ಸಕ್ಕರೆ ಬಿಟ್ಟು ಮೂರು ತಿಂಗಳಾಯ್ತು. ಆದ್ರೂ ಮುಖದಲ್ಲಿ ಕಳೆ ಇಲ್ಲ. ದವಡೆ ಹತ್ರ ಮೊಡವೆ ಬೇರೆ."

ಮುಂಗೈ ಮೇಲೆ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ ಎಂದೆ. ಎಳೆದರು. ಬೆಳ್ಳಗಿನ ಗೆರೆ ಹಾಗೇ ಉಳಿಯಿತು. ಒಣಚರ್ಮದ ಗುರುತು ಅದು. ಕುಡಿದ ನೀರು ಅಲ್ಲಿಗೆ ತಲುಪಿರಲಿಲ್ಲ.

ಬೇಕಾದಷ್ಟು ನೀರು ಮೈಗೆ ಸಿಕ್ಕ ಮೇಲೆ ಉಳಿದದ್ದನ್ನು ಮೂತ್ರಪಿಂಡ ಹೊರಗೆ ಕಳಿಸುತ್ತದೆ, ಮುಖಕ್ಕೆ ಕಳಿಸುವುದಿಲ್ಲ. ಚರ್ಮದ ತೀರಾ ಹೊರಗಿನ ಪದರದಲ್ಲಿ ತೇವ ನಿಲ್ಲುವುದಕ್ಕೆ ಮುಖ್ಯ ಕಾರಣ ಅಲ್ಲಿನ ಜೀವಕೋಶಗಳ ನಡುವೆ ಇರುವ ಜಿಡ್ಡು. ಬಿಸಿನೀರು, ಜಾಸ್ತಿ ಸೋಪು ಅದನ್ನೇ ತೊಳೆದುಬಿಡುತ್ತವೆ. ಕೇಳಿದರೆ, ಇವರು ದಿನಕ್ಕೆರಡು ಸಲ ಸುಡುವಷ್ಟು ಬಿಸಿನೀರಲ್ಲಿ ಸ್ನಾನ ಮಾಡುತ್ತಿದ್ದರು! ನಿಜಕ್ಕೂ ಕಡಿಮೆ ನೀರು ಕುಡಿಯುವವರು ಸ್ವಲ್ಪ ಜಾಸ್ತಿ ಕುಡಿದರೆ ಚರ್ಮಕ್ಕೆ ಒಂಚೂರು ಅನುಕೂಲವಾಗಬಹುದು. ಆದರೆ ಇವರು ಆ ಸಾಲಿನವರಲ್ಲ. ಮೂತ್ರ ಇಡೀ ದಿನ ನೀರಿನಷ್ಟೇ ತಿಳಿಯಾಗಿತ್ತು. ರಾತ್ರಿ ಮೂರು ಸಲ ಏಳಬೇಕಿತ್ತು. ನಿದ್ದೆಗೆಟ್ಟ ಮುಖದಲ್ಲಿ ಕಳೆ ಎಲ್ಲಿಂದ ಬರಬೇಕು, ಅಲ್ವಾ?

ಬಾಯಾರಿದಾಗ ಕುಡಿಯಿರಿ, ಮೂತ್ರ ತೆಳು ಹಳದಿ ಇದ್ದರೆ ಸಾಕು ಎಂದೆ. ಬಿಸಿಲು, ಬೆವರು ಇದ್ದ ದಿನ ಇನ್ನಷ್ಟು ಬೇಕು. ಒಂದೇ ಸಮನೆ ಲೀಟರ್‌ಗಟ್ಟಲೆ ಕುಡಿಯುವುದು ಬೇಡವೇ ಬೇಡ, ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು.

ನಂಬಿಕೆ ಬರಲಿ ಅಂತ ಒಂದು ಪರೀಕ್ಷೆ ಕೊಟ್ಟೆ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ. ಮೈ ಒರೆಸಿ, ಚರ್ಮ ಇನ್ನೂ ಹಸಿಯಾಗಿದ್ದಾಗಲೇ ಎಡಗೈಗೆ ಮಾತ್ರ ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಬಲಗೈಗೆ ಏನೂ ಬೇಡ. ಎರಡೂ ಕೈಗೆ ಹೋಗುವುದು ಒಂದೇ ಹೊಟ್ಟೆಯ ನೀರು ತಾನೇ? ಒಂದು ವಾರ ಬಿಟ್ಟು ಮತ್ತೆ ಗೆರೆ ಎಳೆದು ನೋಡಿ ಎಂದೆ.

ಇನ್ನು ಸಕ್ಕರೆ. ಮೂರು ದಿನ ತಿಂದದ್ದು, ಕುಡಿದದ್ದು ಎಲ್ಲ ಬರೆಸಿದೆ. ಚಹಾಕ್ಕೆ ಸಕ್ಕರೆ ಇಲ್ಲ, ಸಿಹಿತಿಂಡಿ ಇಲ್ಲ. ಬೆಳಿಗ್ಗೆ ಎರಡು ಚಮಚ ಜೇನು ಹಾಕಿದ ಬಿಸಿನೀರು. ಆಮೇಲೆ ತಿಂಡಿಯ ಬದಲು ಒಂದು ಲೋಟ ಹಣ್ಣಿನ ರಸ, ಸಂಜೆಯೊಳಗೆ ಇನ್ನೆರಡು. ಒಂದು ಲೋಟ ರಸದಲ್ಲಿ, ಹಣ್ಣು ಯಾವುದು ಅನ್ನುವುದರ ಮೇಲೆ, ಐದಾರು ಚಮಚ ಸಕ್ಕರೆ ಇರುತ್ತದೆ. ಅಂದರೆ ದಿನಕ್ಕೆ ಹದಿನೈದು ಚಮಚ ದಾಟುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ಹಣ್ಣಿನ ರಸದ ಸಿಹಿಯನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಇದನ್ನು ಕೇಳಿ ಅವರು ಸುಮ್ನೆ ಕೂತುಬಿಟ್ಟರು. ಮೂರು ತಿಂಗಳು ಕಷ್ಟಪಟ್ಟವರು, ನನಗೂ ಬೇಜಾರಾಯಿತು.

ರಕ್ತದಲ್ಲಿ ಸಕ್ಕರೆ ಸರ್ರನೆ ಏರಿದರೆ ಇನ್ಸುಲಿನ್ ಕೂಡ ಏರುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳಿಗೆ ಅದು ಕುಮ್ಮಕ್ಕು ಕೊಡುತ್ತದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಸಣ್ಣ ಅಧ್ಯಯನದಲ್ಲಿ, ಸಕ್ಕರೆಯನ್ನು ನಿಧಾನಕ್ಕೆ ಏರಿಸುವ ಊಟ ಮಾಡಿದ ಹುಡುಗರಿಗೆ 12 ವಾರದಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಮನೆತನ, ಹಾರ್ಮೋನು ಇವುಗಳದೂ ಪಾಲಿದೆ. ಮುಟ್ಟಿನಲ್ಲಿ ಏರುಪೇರು ಇದ್ದಿದ್ದರೆ ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇವರಿಗೆ ಇರಲಿಲ್ಲ.

"ಸಕ್ಕರೆ ಕಾಲಜನ್ ಹಾಳು ಮಾಡುತ್ತಂತೆ?" ಎಂದು ಕೇಳಿದರು. ಕಾಲಜನ್ ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನು. ಸಕ್ಕರೆ ಅದಕ್ಕೆ ಅಂಟಿ ಅದನ್ನು ಬಿರುಸು ಮಾಡುವುದು ನಿಜ. ಆದರೆ ಅದು ವರ್ಷಗಟ್ಟಲೆ ನಡೆಯುವ ಕೆಲಸ. ಒಂದು ವಾರ ಸಿಹಿ ಬಿಟ್ಟರೆ ಕನ್ನಡಿಯಲ್ಲಿ ಕಾಣುವಂಥದ್ದಲ್ಲ.

ರಸದ ಬದಲು ಇಡೀ ಹಣ್ಣು, ಅಗಿದು ತಿನ್ನಲಿಕ್ಕೆ. ಜೇನು ಬೇಡ. ಬೆಳಿಗ್ಗೆ ಬೇಳೆಯೋ ಮೊಟ್ಟೆಯೋ ತರಕಾರಿಯೋ ಇರುವ ಸರಿಯಾದ ತಿಂಡಿ. 12 ವಾರ. ಎರಡು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಒಂದು ಫೋಟೊ. ಬೆಳಕು ಬದಲಾದರೆ ಕಳೆಯೂ ಬದಲಾದಂತೆ ಕಾಣುತ್ತದೆ, ಅದಕ್ಕೇ ಈ ನಿಯಮ.

ಎಂಟನೇ ದಿನ ಫೋನ್ ಬಂತು. ಬಲಗೈ ಮೇಲೆ ಬಿಳಿ ಗೆರೆ, ಎಡಗೈ ಮೇಲೆ ಇಲ್ಲ. ಮುಖಕ್ಕೂ ಅದನ್ನೇ ಹಚ್ಚಬಹುದಾ ಅಂತ ಕೇಳಿದರು. ರಂಧ್ರ ಮುಚ್ಚದ, ಎಣ್ಣೆ ಇಲ್ಲದ ಬಗೆಯದು ಹಚ್ಚಿ ಎಂದೆ. ಮೊಡವೆ ಮಾತ್ರ ತಡವಾಯಿತು. ನಾಲ್ಕನೇ ವಾರದ ಫೋಟೊದಲ್ಲಿ ಏನೂ ಬದಲಾವಣೆ ಇಲ್ಲ, ಬಿಟ್ಟುಬಿಡುವ ಮಾತೂ ಬಂತು. 12ನೇ ವಾರಕ್ಕೆ ಹೊಸ ಮೊಡವೆ ತಿಂಗಳಿಗೆ ಒಂದೋ ಎರಡೋ. ಇದರಲ್ಲಿ ಹಣ್ಣಿನ ರಸ ಬಿಟ್ಟದ್ದು ಎಷ್ಟು, ನಿದ್ದೆ ಬಂದದ್ದು ಎಷ್ಟು ಎಂದು ಬಿಡಿಸಿ ಹೇಳಲಾರೆ.

ಹಳೆಯ ಮೊಡವೆಯ ಕಪ್ಪು ಕಲೆಗಳು ಹಾಗೇ ಇದ್ದವು. "ಇದಕ್ಕೆ ಏನು ತಿನ್ನಲಿ ಮೇಡಂ?" ಎಂದರು. ತಿಂದು ಹೋಗುವಂಥವಲ್ಲ ಅವು. ದಿನಾ ಸನ್‌ಸ್ಕ್ರೀನ್ ಹಚ್ಚಿ, ಚರ್ಮದ ವೈದ್ಯರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟೆ.